'ಲ' ಭೂತಕಾಲ ಅಲ್ಲ: ಕಾಲ ಮತ್ತು ಆಸ್ಪೆಕ್ಟ್ ಬೇರೆ ಮಾಡುವ ಹಂತಗಳು

ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬಾರೋ" ಅಂತಾರೆ. ನೀವು ಕುರ್ಚಿಯಿಂದ ಎದ್ದೂ ಇಲ್ಲ, ಆದರೂ "ಬಂದೆ, ಬಂದೆ" ಅಂತೀರಿ. ವ್ಯಾಕರಣದ ಪುಸ್ತಕ ಹಿಡಿದು ನೋಡಿದರೆ ಅದು ಭೂತಕಾಲ. ಆದರೆ ಕೆಲಸ ಇನ್ನೂ ನಡೆದೇ ಇಲ್ಲ.

ಇದೇ ಹೊತ್ತಿನಲ್ಲಿ ಚೀನೀ ಹುಡುಗ 'ಲಾಯ್ ಲ' ಅಂತಾನೆ. 'ಲಾಯ್' ಅಂದರೆ ಬರು. ಉಳಿದದ್ದು 'ಲ'. ಚೀನೀ ಕಲಿಯುವ ಕನ್ನಡಿಗರ ಅಭ್ಯಾಸದ ಪುಸ್ತಕಗಳನ್ನು ತಿದ್ದುವಾಗ ನನ್ನ ಕೆಂಪು ಪೆನ್ನು ಜಾಸ್ತಿ ಖರ್ಚಾಗುವುದು ಈ ಒಂದು ಅಕ್ಷರದ ಮೇಲೆ. ಮೊದಲ ತಿಂಗಳು ಎಲ್ಲರೂ ಇದನ್ನು ಭೂತಕಾಲದ ಪ್ರತ್ಯಯ ಎಂದು ಬರೆದುಕೊಳ್ಳುತ್ತಾರೆ. ಆರನೇ ತಿಂಗಳಿಗೆ "ಈ 'ಲ'ಗೆ ನಿಯಮವೇ ಇಲ್ಲ ಸಾರ್" ಅಂತಾರೆ. ನಿಯಮ ಇದೆ, ಆದರೆ ಅದು ಕಾಲದ ನಿಯಮ ಅಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಹಾರಿಸಿ ನಾಲ್ಕಕ್ಕೆ ಹೋದವರು ಮತ್ತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

## ಶುರು ಮಾಡುವ ಮುಂಚೆ ಬೇಕಾದದ್ದು

ಒಂದು ನೋಟ್‌ಬುಕ್, ನೀಲಿ ಮತ್ತು ಕೆಂಪು ಎರಡು ಪೆನ್ನು, ನೀವೇ ಕನ್ನಡದಲ್ಲಿ ಬರೆದ ಏಳೆಂಟು ವಾಕ್ಯದ ಒಂದು ದಿನಚರಿ. ದಿನಚರಿ ನಿಮ್ಮದೇ ಆಗಿರಲಿ. ಪಠ್ಯಪುಸ್ತಕದ ವಾಕ್ಯಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತೊಡಕಿನ ಉದಾಹರಣೆಗಳನ್ನೆಲ್ಲ ಅವುಗಳಿಂದ ಮೊದಲೇ ಆರಿಸಿ ತೆಗೆದಿರುತ್ತಾರೆ.

ಚೀನೀ ಮಾತುಗಳನ್ನು ನಾನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಸ್ವರದ ಏರಿಳಿತ ಬಿಟ್ಟು. ಉಚ್ಚಾರ ಹತ್ತಿರ ಹತ್ತಿರ ಬರುತ್ತದೆ, ಅಷ್ಟೇ.

## ಹಂತ 1: ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿ

ಒಂದು ಕೆಲಸದ ಬಗ್ಗೆ ಎರಡು ಪ್ರಶ್ನೆ ಕೇಳಬಹುದು.

ಮೊದಲನೆಯದು, ಅದು ಯಾವಾಗ? ಮಾತಾಡುತ್ತಿರುವ ಈ ಗಳಿಗೆಗಿಂತ ಹಿಂದೆಯೋ, ಈಗಲೋ, ಮುಂದೆಯೋ? ಇದಕ್ಕೆ ಕ್ರಿಯಾಪದದಲ್ಲೇ ಸಿಗುವ ಉತ್ತರಕ್ಕೆ ಕಾಲ, ಅಂದರೆ ಟೆನ್ಸ್ ಎನ್ನುತ್ತಾರೆ.

ಎರಡನೆಯದು, ಕೆಲಸವನ್ನು ಎಲ್ಲಿ ನಿಂತು ನೋಡುತ್ತಿದ್ದೀರಿ? ಹೊರಗೆ ನಿಂತು, ಮೊದಲು ಕೊನೆ ಎರಡೂ ಕಾಣುವ ಹಾಗೆ ಇಡಿಯಾಗಿ ನೋಡುತ್ತಿದ್ದೀರಾ? ಅಥವಾ ಅದರ ನಡುವೆ ನಿಂತು, ಕೊನೆ ಕಾಣದ ಹಾಗೆ ನೋಡುತ್ತಿದ್ದೀರಾ? ಈ ಎರಡನೇ ಉತ್ತರವೇ ಆಸ್ಪೆಕ್ಟ್.

ನಿನ್ನೆ ರಾತ್ರಿ ಎಂಟಕ್ಕೆ ನೀವು ದೋಸೆ ಮಾಡಿದ್ದು ನಿಜ ಎಂದುಕೊಳ್ಳಿ. "ದೋಸೆ ಮಾಡಿದೆ" ಎಂದರೂ ಅದೇ ರಾತ್ರಿ, ಅದೇ ದೋಸೆ. "ದೋಸೆ ಮಾಡ್ತಾ ಇದ್ದೆ" ಎಂದರೂ ಅದೇ. ಕಾಲ ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ನೀವು ನಿಂತ ಜಾಗ. ಮೊದಲ ವಾಕ್ಯದಲ್ಲಿ ದೋಸೆ ತಟ್ಟೆಗೆ ಬಿದ್ದಾಗಿದೆ. ಎರಡನೆಯದರಲ್ಲಿ ಅದು ಹೆಂಚಿನ ಮೇಲೇ ಇದೆ.

ಇಲ್ಲೇ ಒಂದು ಹಳೆಯ ಗಂಟು ಬಿಚ್ಚಿಕೊಳ್ಳಬೇಕು. ಶಾಲೆಯ ಇಂಗ್ಲಿಷ್ ಕ್ಲಾಸಿನಲ್ಲಿ "12 ಟೆನ್ಸ್" ಎಂಬ ಚಾರ್ಟು ಬಾಯಿಪಾಠ ಮಾಡಿದ್ದೀರಿ ಅಲ್ವಾ? ಅದರಲ್ಲಿ ಟೆನ್ಸ್ ಹನ್ನೆರಡಿಲ್ಲ. ಅಡ್ಡಕ್ಕೆ ಮೂರು ಕಾಲ, ಉದ್ದಕ್ಕೆ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಸಾಲು. ಮೂರು ನಾಲ್ಕಲಿ ಹನ್ನೆರಡು. ಉದ್ದದ ಆ ನಾಲ್ಕು ಆಸ್ಪೆಕ್ಟ್‌ಗೆ ಸೇರಿದವು. ಎರಡನ್ನೂ ಒಂದೇ ಹೆಸರಿನಲ್ಲಿ ಕಲಿಸಿದ್ದರಿಂದ ನಮ್ಮ ತಲೆಯಲ್ಲಿ ಎರಡಕ್ಕೂ ಒಂದೇ ಡಬ್ಬಿ ಇದೆ. ಕನ್ನಡ ವ್ಯಾಕರಣದ ಪಾಠವೂ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಹೇಳಿ ಮುಗಿಸಿಬಿಡುತ್ತದೆ. ಹೀಗಾಗಿ ಹೊಸ ಭಾಷೆಯಲ್ಲಿ ಕ್ರಿಯಾಪದದ ಪಕ್ಕ ಏನೇ ಅಂಟಿಕೊಂಡಿರಲಿ, ಅದನ್ನು ಆ ಮೂರರಲ್ಲಿ ಒಂದಕ್ಕೆ ತುರುಕುತ್ತೇವೆ.

## ಹಂತ 2: ನಿಮ್ಮ ಕನ್ನಡ ಕ್ರಿಯಾಪದವನ್ನು ಬಿಚ್ಚಿ

ಚೀನೀಗೆ ಹೋಗುವ ಮುಂಚೆ ಈ ಕೆಲಸ ಕನ್ನಡದಲ್ಲೇ ಮಾಡಿ. ಕನ್ನಡ ಎರಡನ್ನೂ ಗುರುತಿಸುತ್ತದೆ, ಅದೂ ಬೇರೆ ಬೇರೆ ಜಾಗದಲ್ಲಿ.

ಊಟ ಮಾಡ್ತಾ ಇದ್ದೆ. ಊಟ ಮಾಡ್ತಾ ಇದ್ದೀನಿ. ಊಟ ಮಾಡ್ತಾ ಇರ್ತೀನಿ. ಮೂರರಲ್ಲೂ 'ಮಾಡ್ತಾ' ಅಲ್ಲಾಡಲಿಲ್ಲ. ಅದು ನಡುವೆ ನಿಂತು ನೋಡುವ ನೋಟ. ಕಾಲವನ್ನು ಹೊತ್ತದ್ದು ಪಕ್ಕದ 'ಇರು'. ನೋಟ್‌ಬುಕ್‌ನಲ್ಲಿ 'ಮಾಡ್ತಾ' ಕೆಳಗೆ ಕೆಂಪು ಗೆರೆ, 'ಇದ್ದೆ' ಕೆಳಗೆ ನೀಲಿ ಗೆರೆ ಎಳೆಯಿರಿ. ಕೆಂಪು ಆಸ್ಪೆಕ್ಟ್, ನೀಲಿ ಕಾಲ. ನಿಮ್ಮ ದಿನಚರಿಯ ಕ್ರಿಯಾಪದಗಳಿಗೂ ಹೀಗೇ ಗೆರೆ ಎಳೆದಿಡಿ.

ಈಗ ಮುಖ್ಯವಾದ ಪರೀಕ್ಷೆ. ಒಂದು ವಾಕ್ಯವನ್ನು ನಿನ್ನೆಯಿಂದ ನಾಳೆಗೆ ತಳ್ಳಿ. ಯಾವುದು ಬದಲಾಗುತ್ತದೋ ಅದು ಕಾಲ. ಯಾವುದು ಬದಲಾಗುವುದಿಲ್ಲವೋ ಅದು ಆಸ್ಪೆಕ್ಟ್.

ನಿನ್ನೆ ನೀನು ಬಂದ ಮೇಲೆ ಊಟ ಮಾಡಿದೆ.
ನಾಳೆ ನೀನು ಬಂದ ಮೇಲೆ ಊಟ ಮಾಡ್ತೀನಿ.

'ಮಾಡಿದೆ' ಹೋಗಿ 'ಮಾಡ್ತೀನಿ' ಆಯಿತು. 'ಬಂದ' ಇದ್ದಲ್ಲೇ ಇದೆ. ನಾಳೆ ಬರುವವನಿಗೂ 'ಬಂದ'! ಅಂದರೆ ಇಲ್ಲಿ 'ಬಂದ' ಹೇಳುವುದು ನಿನ್ನೆ ನಾಳೆಯನ್ನಲ್ಲ. ಬರುವ ಕೆಲಸ ಮುಗಿದು, ಆಮೇಲೆ ಊಟ ಎಂಬ ಸರದಿಯನ್ನು. "ಮಳೆ ಬಂದರೆ ಹೋಗಲ್ಲ" ಅನ್ನುವಾಗಲೂ ಹಾಗೇ, ಬಾರದ ಮಳೆಗೂ 'ಬಂದ'.

ಈ 'ಬಂದ ಮೇಲೆ'ಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಚೀನೀ 'ಲ'ಗೆ ಕನ್ನಡದಲ್ಲಿ ಹತ್ತಿರದ ನೆಂಟ ಇದೇ ಹೊರತು 'ಬಂದನು' ಅಲ್ಲ.

ಇನ್ನೊಬ್ಬ ನೆಂಟ 'ಆಯ್ತು'. "ಆರು ಗಂಟೆ ಆಯ್ತು" ಅನ್ನುತ್ತೀರಿ. ರೂಪ ಭೂತಕಾಲದ್ದು, ಮಾತು ಈ ಗಳಿಗೆಯದ್ದು. ಚೀನೀಯಲ್ಲಿ 'ಲ್ಯೋ ದ್ಯೆನ್ ಲ': ಆರು, ಗಂಟೆ, 'ಲ'. "ನನಗೆ ಮೂವತ್ತು ಆಯ್ತು" ಎಂಬುದಕ್ಕೂ ವಯಸ್ಸು ಹೇಳಿ ಕೊನೆಗೆ 'ಲ'. ಕಿಟಕಿಯಾಚೆ ಮೊದಲ ಹನಿ ಬಿದ್ದಾಗ ನಾವು "ಅಯ್ಯೋ, ಮಳೆ ಬಂತು" ಅಂತೀವಿ, ಅವರು 'ಶ್ಯಾ ಯೂ ಲ' ಅಂತಾರೆ. ಮಳೆ ನಿಂತಿಲ್ಲ, ಈಗಷ್ಟೇ ಶುರುವಾಗಿದೆ. ಇದನ್ನು "ಮಳೆ ಬಂದು ಹೋಯ್ತು" ಎಂದು ಅರ್ಥ ಮಾಡಿಕೊಂಡು ಒಣಹಾಕಿದ ಬಟ್ಟೆ ತೆಗೆಯದೆ ಕೂತರೆ ಬಟ್ಟೆ ಒದ್ದೆ.

## ಹಂತ 3: ಆ ಭಾಷೆ ಯಾವುದನ್ನು ಗುರುತಿಸುತ್ತದೆ ಎಂದು ಪತ್ತೆ ಮಾಡಿ

ಭಾಷೆ ಯಾವುದೇ ಇರಲಿ, ಮೇಲಿನ ನಿನ್ನೆ-ನಾಳೆ ಪರೀಕ್ಷೆಯೇ ಸಾಕು. ಚೀನೀ ವಾಕ್ಯ ತೆಗೆದುಕೊಳ್ಳಿ: "ನಿನ್ನೆ ನಾನು ಕೆಲಸ ಮುಗಿಸಿ ಅವನ ಮನೆಗೆ ಹೋದೆ." ಕೆಲಸ ಮುಗಿಸುವುದಕ್ಕೆ 'ಶ್ಯಾ ಬಾನ್' ಅಂತಾರೆ, ಮುಗಿಸಿ ಆಮೇಲೆ ಅನ್ನಲು ಅದರ ನಡುವೆ 'ಲ' ಬರುತ್ತದೆ: 'ಶ್ಯಾ ಲ ಬಾನ್'. ಈಗ ನಾಳೆಗೆ ತಳ್ಳಿ: "ನಾಳೆ ಕೆಲಸ ಮುಗಿಸಿ ಅವನ ಮನೆಗೆ ಹೋಗುತ್ತೇನೆ." ಆಗಲೂ 'ಮಿಂಗ್‌ಥ್ಯೆನ್ ವೊ ಶ್ಯಾ ಲ ಬಾನ್ ಜ್ಯೋ ಛ್ಯೂ ಥಾ ಜ್ಯಾ'. 'ಮಿಂಗ್‌ಥ್ಯೆನ್' ನಾಳೆ, 'ಛ್ಯೂ' ಹೋಗು, 'ಥಾ ಜ್ಯಾ' ಅವನ ಮನೆ. 'ಲ' ಕದಲಲಿಲ್ಲ. ಭೂತಕಾಲದ ಪ್ರತ್ಯಯ ಆಗಿದ್ದರೆ ನಾಳೆಯ ವಾಕ್ಯದಲ್ಲಿ ಅದಕ್ಕೇನು ಕೆಲಸ?

ಹಾಗಾದರೆ ಎಲ್ಲರೂ ತಪ್ಪುವುದು ಯಾಕೆ? ಮುಗಿದ ಕೆಲಸಗಳ ಬಗ್ಗೆ ನಾವು ಮಾತಾಡುವುದು ಹೆಚ್ಚಾಗಿ ಅವು ನಡೆದ ಮೇಲೆ. ಹಾಗಾಗಿ 'ಮುಗಿಯಿತು' ಮತ್ತು 'ಹಿಂದೆ' ಜೊತೆಜೊತೆಯಾಗೇ ಬರುತ್ತವೆ. ಪುಸ್ತಕ ಕೊಂಡೆ, ಟೀ ಕುಡಿದೆ, ಅವನು ಬಂದ ಎಂಬಂಥ ಮೊದಲ ಪಾಠಗಳ ವಾಕ್ಯಗಳಲ್ಲಿ "ಲ ಅಂದರೆ ಭೂತಕಾಲ" ಎಂಬ ತಪ್ಪು ನಿಯಮವೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಸರಿ ಉತ್ತರ ಕೊಡುವ ತಪ್ಪು ನಿಯಮವನ್ನು ಯಾರೂ ಅನುಮಾನಿಸುವುದಿಲ್ಲ. ಚಳಿ, ವಾಸ, ಅಭ್ಯಾಸ, ಇಷ್ಟ ಇಂಥ ವಾಕ್ಯಗಳಿಗೆ ಬಂದಾಗ ಅದು ಕುಸಿಯುತ್ತದೆ. ಅಷ್ಟರಲ್ಲಿ ಕೈ ಪಳಗಿಬಿಟ್ಟಿರುತ್ತದೆ.

ಇದು ನಮ್ಮದೊಂದೇ ಕಷ್ಟ ಅಲ್ಲ. ಕಾಲ, ಆಸ್ಪೆಕ್ಟ್, ಮತ್ತು ಕೆಲಸ ನಡೆದದ್ದೋ, ನಡೆಯಬಹುದಾದದ್ದೋ, ನಡೆಯಬೇಕಾದದ್ದೋ ಎಂದು ತೋರಿಸುವ ಮೂಡ್, ಈ ಮೂರರಲ್ಲಿ ಒಂದೊಂದು ಭಾಷೆ ಒಂದೊಂದಕ್ಕೆ ಜಾಸ್ತಿ ಜಾಗ ಕೊಡುತ್ತದೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1999ರಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಒಂದಕ್ಕೆ ಒಗ್ಗಿದವನು ಇನ್ನೊಂದಕ್ಕೆ ಕಾಲಿಟ್ಟಾಗ ಎಡವುವುದು ಸಹಜ. ಚೀನೀಯರು ಇಂಗ್ಲಿಷ್ ಕಲಿಯುವಾಗ ಇದೇ ಜಾಗದಲ್ಲಿ ಎದುರು ದಿಕ್ಕಿನಿಂದ ಎಡವುತ್ತಾರೆ, "ಯೆಸ್ಟರ್‌ಡೇ ಐ ಗೋ" ಎಂದು. "ನಿನ್ನೆ" ಅಂತ ಹೇಳಿಯಾಗಿದೆಯಲ್ಲ, ಕ್ರಿಯಾಪದ ಯಾಕೆ ಮತ್ತೆ ಅದನ್ನೇ ಹೇಳಬೇಕು ಎಂಬುದು ಅವರ ಲೆಕ್ಕ.

## ಹಂತ 4: ಕಾಲವನ್ನು ಕಿತ್ತು ಸಮಯದ ಪದಕ್ಕೆ ಕೊಡಿ

ನಿಮ್ಮ ಕನ್ನಡ ದಿನಚರಿ ತೆರೆಯಿರಿ. ನೀಲಿ ಗೆರೆ ಬಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ಅಳಿಸಿ. ಬದಲಿಗೆ ಮೊದಲ ವಾಕ್ಯದ ತಲೆಯ ಮೇಲೆ ಒಂದೇ ಒಂದು ಸಮಯದ ಪದ ಇಡಿ: ನಿನ್ನೆ, ಹೋದ ವರ್ಷ, ಚಿಕ್ಕವನಿದ್ದಾಗ. ಚೀನೀಯಲ್ಲಿ ಕಾಲದ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಯಾರೂ ಬದಲಾಯಿಸುವ ತನಕ ಕೇಳುವವನು ಇಡೀ ಕಥೆಯನ್ನು ನಿನ್ನೆಯಲ್ಲೇ ಇಟ್ಟುಕೊಂಡು ಕೇಳುತ್ತಾನೆ.

ಇಲ್ಲಿ ಕೈ ತಡೆಯುವುದು ಕಷ್ಟ. "ನಿನ್ನೆ ತುಂಬಾ ಚಳಿ" ಎಂದಷ್ಟೇ ಬರೆದರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ, 'ಇತ್ತು' ಎಲ್ಲಿ ಎಂದು ಹುಡುಕುತ್ತೀರಿ. ಸಿಗದಿದ್ದಾಗ ಆ ಖಾಲಿ ಜಾಗಕ್ಕೆ 'ಲ' ತುಂಬುತ್ತೀರಿ. ಹುಡುಕಬೇಡಿ, ಖಾಲಿಯೇ ಇರಲಿ.

## ಹಂತ 5: ಉಳಿದದ್ದಕ್ಕೆ ಮಾತ್ರ ಆಸ್ಪೆಕ್ಟ್ ಹಾಕಿ

ಈಗ ಒಂದೊಂದೇ ವಾಕ್ಯ ಎತ್ತಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಮೊದಲ 'ಹೌದು' ಸಿಕ್ಕಲ್ಲಿ ನಿಲ್ಲಿಸಿ.

ಇದು ಸುಮ್ನೆ ಇದ್ದ ಸ್ಥಿತಿಯೋ, ಅಭ್ಯಾಸವೋ? ಹೌದಾದರೆ ಏನೂ ಹಾಕಬೇಡಿ. ಕನ್ನಡದಲ್ಲಿ 'ಇತ್ತು' ಸರಿಹೊಂದಿದರೆ ಸ್ಥಿತಿ, 'ಆಯ್ತು' ಸರಿಹೊಂದಿದರೆ ಬದಲಾವಣೆ. 'ಗೊತ್ತಿತ್ತು' ಎನ್ನಲು ಬರೀ 'ಚರ್‌ದಾವ್'. 'ಗೊತ್ತಾಯ್ತು' ಎನ್ನಲು 'ಚರ್‌ದಾವ್ ಲ'. ಒಂದು 'ಲ' ಸೇರಿದರೆ "ನನಗೆ ಮೊದಲೇ ತಿಳಿದಿತ್ತು" ಎಂಬುದು "ಓ, ಈಗ ತಿಳೀತು" ಆಗುತ್ತದೆ.

ಈ ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ. ಮನಸ್ಸಿನ ಭಾವಕ್ಕೆ ಕನ್ನಡ ಧಾರಾಳವಾಗಿ 'ಆಯ್ತು' ಬಳಸುತ್ತದೆ: "ಅವಳನ್ನು ನೋಡಿ ತುಂಬಾ ಖುಷಿಯಾಯ್ತು." ಚೀನೀಯಲ್ಲಿ ಅದು 'ತುಂಬಾ ಖುಷಿ' ಅಷ್ಟೇ, 'ಲ' ಬರುವುದಿಲ್ಲ. 'ತುಂಬಾ' ಎಂಬುದಕ್ಕೆ ಅವರ 'ಹನ್' ಇದ್ದ ಗುಣವಾಚಕದ ಪಕ್ಕ 'ಲ' ಕಂಡರೆ ಅನುಮಾನ ಪಡಿ.

ಅಭ್ಯಾಸದಲ್ಲಿ ಇನ್ನೊಂದು ಬಲೆ ಇದೆ. ಕನ್ನಡದ "ಓಡುತ್ತಿದ್ದೆ" ಎರಡು ಕೆಲಸ ಮಾಡುತ್ತದೆ. "ಆಗ ದಿನಾ ಓಡುತ್ತಿದ್ದೆ" ಅಭ್ಯಾಸ. "ಫೋನ್ ಬಂದಾಗ ಓಡುತ್ತಿದ್ದೆ" ನಡುವಿನ ನೋಟ. ಚೀನೀ ಎರಡನ್ನೂ ಬೇರೆ ಮಾಡುತ್ತದೆ. ಅಭ್ಯಾಸಕ್ಕೆ ಕ್ರಿಯಾಪದ ಬೋಳಾಗೇ ಇರುತ್ತದೆ. 'ದಿನಾ' ಸೇರಿಸಿ ನೋಡಿ, ಸರಿಹೊಂದಿದರೆ ಅದು ಅಭ್ಯಾಸ.

ಕೆಲಸದ ನಡುವೆ ನಿಂತಿದ್ದೇನಾ? ಹೌದಾದರೆ ಕ್ರಿಯಾಪದದ ಮುಂಚೆ 'ತ್ಸಾಯ್'. ಮೋಜೆಂದರೆ ಮನೆಯಲ್ಲಿ ಇದ್ದೇನೆ ಎನ್ನಲೂ ಅದೇ 'ತ್ಸಾಯ್'. ನಮ್ಮ 'ಇರು' ಕೂಡ ಈ ಎರಡೂ ಕೆಲಸ ಮಾಡುವುದರಿಂದ ಕನ್ನಡಿಗರಿಗೆ ಇದು ಬೇಗ ಹತ್ತುತ್ತದೆ. 'ತ್ಸಾಯ್' ಇದ್ದಲ್ಲಿ ಕ್ರಿಯಾಪದದ ಬೆನ್ನಿಗೆ 'ಲ' ಬೇಡ. ಒಳಗೂ ಹೊರಗೂ ಒಟ್ಟಿಗೇ ನಿಲ್ಲಲಾಗುವುದಿಲ್ಲ.

"ಒಮ್ಮೆಯಾದರೂ" ಎಂದು ಸೇರಿಸಬಹುದಾ? ಹೌದಾದರೆ 'ಗುವೊ'. "ಅವನು ಬೀಜಿಂಗಿಗೆ ಹೋಗಿದ್ದಾನೆ" ಎಂಬ ಕನ್ನಡ ವಾಕ್ಯಕ್ಕೆ ಎರಡು ಅರ್ಥ. ಹೋಗಿ ಅಲ್ಲೇ ಇದ್ದಾನೆ ಎಂದೂ ಆಗಬಹುದು, ಯಾವತ್ತೋ ಹೋಗಿ ಬಂದಿದ್ದಾನೆ ಎಂದೂ ಆಗಬಹುದು. ಚೀನೀಯಲ್ಲಿ ಹೋಗಿ ಅಲ್ಲಿದ್ದರೆ ಕೊನೆಗೆ 'ಲ', ಹೋಗಿ ಬಂದ ಅನುಭವವಾದರೆ 'ಛ್ಯೂ ಗುವೊ'. ಆಫೀಸಿನಲ್ಲಿ "ಅವನೆಲ್ಲಿ?" ಎಂದು ಕೇಳಿದವರಿಗೆ 'ಗುವೊ' ಹಾಕಿ ಉತ್ತರಿಸಿದರೆ, ಕೇಳಿದವರು ಅವನ ಪ್ರವಾಸದ ಕಥೆ ಯಾಕೆ ಬಂತೆಂದು ಬೆಪ್ಪಾಗುತ್ತಾರೆ.

ಕೆಲಸ ಇಡಿಯಾಗಿ, ಅಳತೆ ಸಮೇತ ಕಾಣುತ್ತಿದೆಯಾ? ಈಗ 'ಲ' ಹಾಕಿ, ಕ್ರಿಯಾಪದದ ಬೆನ್ನಿಗೇ. ಮೂರು ಪುಸ್ತಕ ಕೊಂಡೆ: 'ಮಾಯ್ ಲ ಸಾನ್ ಬನ್ ಶೂ'. 'ಮಾಯ್' ಕೊಳ್ಳು, 'ಸಾನ್' ಮೂರು, 'ಶೂ' ಪುಸ್ತಕ. ಎಷ್ಟು, ಯಾವುದು, ಎಷ್ಟು ಹೊತ್ತು ಎಂಬ ಗಡಿ ಇದ್ದರೆ 'ಲ' ಗಟ್ಟಿಯಾಗಿ ನಿಲ್ಲುತ್ತದೆ.

ಗಡಿ ಇಲ್ಲದಿದ್ದರೆ? 'ವೊ ಛರ್ ಲ ಫಾನ್', ಅಂದರೆ ನಾನು, ತಿನ್ನು, 'ಲ', ಅನ್ನ ಎಂದು ಹೇಳಿ ನಿಲ್ಲಿಸಿ ನೋಡಿ. ಎದುರಿನವರು ನಿಮ್ಮ ಮುಖವನ್ನೇ ನೋಡುತ್ತಾ ಕಾಯುತ್ತಾರೆ. ನಾವು "ನಾನು ಊಟ ಮಾಡಿ..." ಎಂದು ನಿಲ್ಲಿಸಿದರೆ ಹೇಗೋ ಹಾಗೆ. ಮಾಡಿ, ಏನಾಯ್ತು? 'ಬಂದ ಮೇಲೆ'ಯ ನಂಟು ಇಲ್ಲಿ ಚೆನ್ನಾಗಿ ಕಾಣುತ್ತದೆ. ಬರೀ ಊಟ ಆಯ್ತು ಎನ್ನಬೇಕಿದ್ದರೆ 'ಲ'ವನ್ನು ವಾಕ್ಯದ ಕೊನೆಗೆ ತಳ್ಳಿ: 'ವೊ ಛರ್ ಫಾನ್ ಲ', "ನಂದು ಊಟ ಆಯ್ತು".

## ಹಂತ 6: 'ಇಲ್ಲ' ವಾಕ್ಯಗಳನ್ನು ಕೊನೆಯಲ್ಲಿ, ಬೇರೆಯಾಗಿ ನೋಡಿ

ಇವನ್ನು ಮೊದಲೇ ಮುಟ್ಟಬೇಡಿ. ಕನ್ನಡದ 'ಇಲ್ಲ' ರೂಪಗಳೂ ಕಾಲವನ್ನು ಹೊತ್ತುಕೊಂಡಿರುತ್ತವೆ: ಬರಲಿಲ್ಲ, ಬರುವುದಿಲ್ಲ. ಚೀನೀಯಲ್ಲಿ 'ಮೇಯ್' ಮತ್ತು 'ಬು' ಎರಡಿವೆ. ಕಲಿಯುವವರು ತಕ್ಷಣ 'ಮೇಯ್' ಭೂತಕಾಲದ ಇಲ್ಲ, 'ಬು' ಉಳಿದದ್ದರ ಇಲ್ಲ ಎಂದು ಹಂಚಿಬಿಡುತ್ತಾರೆ. ಮತ್ತೆ ಅದೇ ತಪ್ಪು, ವೇಷ ಮಾತ್ರ ಬೇರೆ.

ಘಟನೆ ನಡೆಯಲೇ ಇಲ್ಲ ಎಂದರೆ 'ಮೇಯ್'. ಸಿನಿಮಾ ನೋಡಲಿಲ್ಲ ಎಂಬುದಕ್ಕೂ ಸಿನಿಮಾ ನೋಡಿಲ್ಲ ಎಂಬುದಕ್ಕೂ ಅದೇ. ಆಗ ಕ್ರಿಯಾಪದದ 'ಲ' ಬಿದ್ದುಹೋಗುತ್ತದೆ. ನಡೆಯದ ಕೆಲಸವನ್ನು ಇಡಿಯಾಗಿ ನೋಡುವುದು ಹೇಗೆ? ಆದರೆ 'ಗುವೊ' ಉಳಿಯುತ್ತದೆ: 'ಮೇಯ್ ಛ್ಯೂ ಗುವೊ', ಒಮ್ಮೆಯೂ ಹೋಗಿಲ್ಲ.

ಸ್ಥಿತಿ, ಅಭ್ಯಾಸ, ಮನಸ್ಸಿಲ್ಲದಿರುವುದು ಇವಕ್ಕೆ 'ಬು', ಅದು ನಿನ್ನೆಯದ್ದಾಗಿದ್ದರೂ. ನಿನ್ನೆ ನನಗೆ ಕೆಲಸದ ಗಡಿಬಿಡಿ ಇರಲಿಲ್ಲ ಎಂಬುದು 'ಬು ಮಾಂಗ್'. ಮುಂಚೆ ಕುಡಿಯುತ್ತಿರಲಿಲ್ಲ ಎಂಬುದು 'ಬು ಹ'. ಇದರ ಕೊನೆಗೆ 'ಲ' ಸೇರಿಸಿ 'ಬು ಹ ಲ' ಎಂದರೆ? "ಇನ್ನು ಕುಡಿಯಲ್ಲ, ಬಿಟ್ಟೆ." ಬದಲಾವಣೆಯ 'ಲ' ಬಂತು ನೋಡಿ.

## ಹಂತ 7: ಒಂದು ದಿನಚರಿಯನ್ನು ಪೂರ್ತಿ ತಿದ್ದೋಣ

ನನ್ನ ಬಳಿ ಕಲಿಯುತ್ತಿದ್ದ ಒಬ್ಬರು ಬರೆದ ಎಂಟು ವಾಕ್ಯ ಇದು. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಚೀನೀಗೆ ತಂದಿದ್ದರು.

ನಿನ್ನೆ ಭಾನುವಾರ ಆಗಿತ್ತು. ತುಂಬಾ ಚಳಿ ಇತ್ತು. ಮನೆಯಲ್ಲೇ ಇದ್ದೆ. ಎರಡು ಲೋಟ ಕಾಫಿ ಕುಡಿದೆ. ಗೆಳೆಯ ಫೋನ್ ಮಾಡಿದಾಗ ದೋಸೆ ಮಾಡುತ್ತಿದ್ದೆ. ಅವನು ಬರುವುದಿಲ್ಲ ಎಂದ. ಸಿನಿಮಾ ನೋಡಲಿಲ್ಲ. ನಾಳೆ ಕೆಲಸ ಮುಗಿಸಿ ಅವನ ಮನೆಗೆ ಹೋಗುತ್ತೇನೆ.

ಅವರ ಚೀನೀ ಪ್ರತಿಯಲ್ಲಿ ಎಂಟು 'ಲ' ಇದ್ದವು. ಮೊದಲ ಏಳು ವಾಕ್ಯದ ಪ್ರತಿ ಕ್ರಿಯಾಪದಕ್ಕೂ ಒಂದೊಂದು, ಐದನೆಯದರಲ್ಲಿ ಎರಡು. ನಾಳೆಯ ವಾಕ್ಯಕ್ಕೆ ಮಾತ್ರ ಇಲ್ಲ. ಎಂಟರಲ್ಲಿ ಸರಿಯಾದ ಜಾಗದಲ್ಲಿದ್ದದ್ದು ಒಂದೇ.

ಭಾನುವಾರ ಆಗಿತ್ತು, ಚಳಿ ಇತ್ತು, ಮನೆಯಲ್ಲಿದ್ದೆ: ಮೂರೂ ಸ್ಥಿತಿ. ಮೂರು 'ಲ'ವನ್ನೂ ಹೊಡೆದುಹಾಕಿದೆವು. ಚಳಿಗೆ 'ತ್ಸುವೊಥ್ಯೆನ್ ಹನ್ ಲಂಗ್' ಸಾಕು: ನಿನ್ನೆ, ತುಂಬಾ, ಚಳಿ.

ಎರಡು ಲೋಟ ಕಾಫಿ: ಅಳತೆ ಇದೆ, ಲೋಟ ಖಾಲಿಯಾಗಿದೆ. 'ಹ ಲ ಲ್ಯಾಂಗ್ ಬೇಯ್ ಖಾಫೇಯ್'. ಉಳಿದುಕೊಂಡ ಒಂದೇ ಒಂದು 'ಲ' ಇದು.

ಐದನೆಯದರಲ್ಲಿ ದೋಸೆ ಹೆಂಚಿನ ಮೇಲಿತ್ತು, ಹಾಗಾಗಿ 'ಲ' ತೆಗೆದು 'ತ್ಸಾಯ್'. ಫೋನ್ ಮಾಡಿದಾಗ ಎಂಬುದಕ್ಕೆ ಅವರ 'ದ ಶರ್‌ಹೋ' ಇದೆ, 'ಆಗ' ಎಂಬ ಅರ್ಥದ ಮಾತು. ಅದು ಹೊತ್ತನ್ನು ತೋರಿಸಿದರೆ ಸಾಕು, ಅಲ್ಲೂ 'ಲ' ಬೇಡ. ಕನ್ನಡದ 'ಮಾಡಿದ' ನೋಡಿ ಹಾಕಿದ್ದರು.

ಆರನೆಯದು ಸ್ವಾರಸ್ಯದ್ದು. 'ಎಂದ' ಭೂತಕಾಲ ಎಂದು 'ಶುವೊ ಲ' ಬರೆದಿದ್ದರು. 'ಶುವೊ' ಅಂದರೆ ಹೇಳು. ಯಾರೋ ಹೇಳಿದ ಮಾತು ಅದರ ನಂತರವೇ ಬರುವಾಗ ಸಾಮಾನ್ಯವಾಗಿ 'ಶುವೊ' ಬೋಳಾಗಿರುತ್ತದೆ. ಆ 'ಲ' ತೆಗೆದೆವು. ಆಮೇಲೆ ನಾನು ಕೇಳಿದೆ, "ಅವನು ಮೊದಲು ಬರ್ತೀನಿ ಅಂದಿದ್ನಾ?" ಹೌದು, ಶನಿವಾರ ಒಪ್ಪಿಕೊಂಡಿದ್ದ. ಹಾಗಿದ್ದರೆ ಮಾತು ಬದಲಾಗಿದೆ. 'ಥಾ ಶುವೊ ಥಾ ಬು ಲಾಯ್ ಲ': ಅವನು ಹೇಳಿದ, ಅವನು ಬರಲ್ಲವಂತೆ. ಬರುವುದಿಲ್ಲ ಎಂಬ ಮುಂದಿನ ಮಾತಿನ ಬಾಲಕ್ಕೆ 'ಲ' ಕೂತಾಗ ಅವರ ಮುಖ ನೋಡಬೇಕಿತ್ತು.

ಏಳನೆಯದಕ್ಕೆ 'ಮೇಯ್' ಇತ್ತು, ಅದರ ಜೊತೆಗಿದ್ದ 'ಲ' ಹೋಯಿತು. ಎಂಟನೆಯದು ನಾಳೆಯದು. ಅಲ್ಲಿ 'ಲ' ಇರಲಿಲ್ಲ, ನಾವು ಸೇರಿಸಿದೆವು: 'ಶ್ಯಾ ಲ ಬಾನ್'.

ತಿದ್ದಿದ ಮೇಲೆ ಉಳಿದದ್ದು ಮೂರು 'ಲ'. ಅವುಗಳಲ್ಲಿ ಎರಡು ಇನ್ನೂ ನಡೆಯದ ಸಂಗತಿಗಳಿಗೆ ಸೇರಿದ್ದವು.

## ಹಂತ 8: ಎದುರು ದಿಕ್ಕಿನ ಭಾಷೆಗೆ ಇದನ್ನೇ ತಿರುಗಿಸಿ

ಕ್ರಿಯಾಪದದಲ್ಲಿ ಕಾಲ ಇದೆ, ನಡುವೆ ನಿಲ್ಲುವ ನೋಟಕ್ಕೆ ಪ್ರತ್ಯೇಕ ರೂಪ ಇಲ್ಲ ಎಂಬ ಭಾಷೆಗೆ ಜರ್ಮನ್ ಒಳ್ಳೆಯ ಉದಾಹರಣೆ. 'ಇಶ್ ಕೊಖೆ' ಎಂದರೆ ಅಡುಗೆ ಮಾಡ್ತೀನಿ, ಅಡುಗೆ ಮಾಡ್ತಾ ಇದ್ದೀನಿ ಎರಡೂ. ಕನ್ನಡಿಗ ಇಲ್ಲಿ 'ಇರು'ವನ್ನು ಹುಡುಕಿ 'ಇಶ್ ಬಿನ್ ಕೊಖೆನ್' ಎನ್ನುತ್ತಾನೆ. ಅದು "ಮಾಡ್ತಾ ಇದ್ದೀನಿ" ಆಗುವುದಿಲ್ಲ. ಚೀನೀಯಲ್ಲಿ ಕಾಲವನ್ನು ಸಮಯದ ಪದಕ್ಕೆ ಕೊಟ್ಟ ಹಾಗೆ, ಇಲ್ಲಿ ಆಸ್ಪೆಕ್ಟನ್ನು ಒಂದು ಪದಕ್ಕೆ ಕೊಡಬೇಕು. 'ಗೆರಾದೆ', ಅಂದರೆ 'ಈಗಷ್ಟೇ, ಈ ಹೊತ್ತಿಗೆ'. 'ಇಶ್ ಕೊಖೆ ಗೆರಾದೆ' ಎಂದರೆ ಒಲೆಯ ಮುಂದೆ ನಿಂತಿದ್ದೀರಿ ಎಂದು ತಿಳಿಯುತ್ತದೆ.

## ದಾರಿ ತಪ್ಪುತ್ತಿದ್ದೀರಿ ಎಂಬ ಸೂಚನೆಗಳು

ಪುಟ ತುಂಬಾ 'ಲ' ಕಂಡರೆ ನೀವು ಕಾಲವನ್ನೇ ಬರೆಯುತ್ತಿದ್ದೀರಿ. ನಿನ್ನೆಯ ಕಥೆಯಲ್ಲಿ ಪ್ರತಿ ವಾಕ್ಯಕ್ಕೂ ಒಂದು ಬಿದ್ದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ನಾಳೆಯ ವಾಕ್ಯಗಳಲ್ಲಿ ಒಂದೂ 'ಲ' ಇಲ್ಲದಿದ್ದರೆ ಅದೇ ರೋಗದ ಇನ್ನೊಂದು ಮುಖ. ಹತ್ತು ನಾಳೆಯ ವಾಕ್ಯ ಬರೆದು, ಎಲ್ಲಿ 'ಮೇಲೆ' ಬರುತ್ತದೋ ಅಲ್ಲೆಲ್ಲ ಹಾಕಿ ಅಭ್ಯಾಸ ಮಾಡಿ.

'ಮೇಯ್' ಮತ್ತು ಕ್ರಿಯಾಪದದ 'ಲ' ಒಟ್ಟಿಗೆ ಕಂಡರೆ ಯೋಚಿಸದೇ 'ಲ' ಹೊಡೆದುಹಾಕಿ.

ಕೊನೆಯದು ಸದ್ದಿಲ್ಲದೆ ನಷ್ಟ ಮಾಡುವಂಥದ್ದು. "ಮೂರು ವರ್ಷದಿಂದ ಕಲೀತಾ ಇದ್ದೀನಿ" ಎನ್ನಲು ಎರಡು 'ಲ' ಬೇಕು, ಕ್ರಿಯಾಪದಕ್ಕೊಂದು, ವಾಕ್ಯದ ಕೊನೆಗೊಂದು: 'ವೊ ಶ್ವೆ ಲ ಸಾನ್ ನ್ಯೆನ್ ಲ'. ಮೊದಲನೆಯದು ಮೂರು ವರ್ಷದ ಗಂಟನ್ನು ಕಟ್ಟುತ್ತದೆ, ಎರಡನೆಯದು "ಇಲ್ಲಿಯವರೆಗೆ ಇಷ್ಟಾಯ್ತು" ಎನ್ನುತ್ತದೆ. ಕೊನೆಯದನ್ನು ನುಂಗಿದರೆ ಸಾಮಾನ್ಯವಾಗಿ "ಮೂರು ವರ್ಷ ಕಲಿತೆ, ಆಮೇಲೆ ಬಿಟ್ಟೆ" ಎಂಬ ಅರ್ಥ ಬರುತ್ತದೆ. ಈ ಒಂದು 'ಲ' ಬಿಟ್ಟು ಕೆಲಸದ ಸಂದರ್ಶನದಲ್ಲಿ ಮಾತಾಡಿದ ನನ್ನ ಪರಿಚಯದವರೊಬ್ಬರಿಗೆ ಎದುರಿನವರು ಕೇಳಿದ ಮುಂದಿನ ಪ್ರಶ್ನೆ, "ಹೌದಾ, ಯಾಕೆ ಬಿಟ್ರಿ?"